ಬಿಪಿ ಮಾತ್ರೆ, ಸೊರಗಿದ ಕಿಡ್ನಿ, ನೋವಿನ ಮಾತ್ರೆ: ಹಿರಿಯರ ವಿಷಯದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿ ನೋವು, ಸೊಂಟ ನೋವು ಎಂದು ಐಬುಪ್ರೊಫೇನ್‌ನಂಥ ಮಾತ್ರೆ ನುಂಗುವ ಹಿರಿಯರಲ್ಲಿ ಬಹಳ ಮಂದಿ ಬಿಪಿ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರುತ್ತಾರೆ. ಎರಡೂ ಬೇರೆ ಬೇರೆ ಕಾಯಿಲೆಯ ಔಷಧಿ, ಒಂದಕ್ಕೊಂದು ಸಂಬಂಧವಿಲ್ಲ ಎಂದೇ ಎಲ್ಲರೂ ಅಂದುಕೊಳ್ಳುವುದು. ಆದರೆ ಅವೆರಡೂ ಕಿಡ್ನಿಯಲ್ಲಿ ಎದುರುಬದುರಾಗುತ್ತವೆ. ಅಲ್ಲಿ ಏನಾಗುತ್ತದೆ, ಯಾರಿಗೆ ಆಗುತ್ತದೆ, ಹೇಗೆ ಗೊತ್ತುಮಾಡಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಯಾವ ಯಾವ ನೋವಿನ ಮಾತ್ರೆಗಳ ಬಗ್ಗೆ ಈ ಎಚ್ಚರಿಕೆ?

ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೋಕ್ಸೆನ್, ಇಂಡೋಮೆಥಾಸಿನ್, ಪೈರಾಕ್ಸಿಕ್ಯಾಮ್, ಕೀಟೊರೊಲ್ಯಾಕ್, ಮೆಫೆನಾಮಿಕ್ ಆಸಿಡ್, ಎಟೋರಿಕಾಕ್ಸಿಬ್, ಸೆಲೆಕಾಕ್ಸಿಬ್. ಹೆಸರು ಬೇರೆ ಬೇರೆಯಾದರೂ ಇವೆಲ್ಲ ಒಂದೇ ಗುಂಪಿನವು, ನೋವಿನ ಜೊತೆಗೆ ಊತವನ್ನೂ ಇಳಿಸುವ ಮಾತ್ರೆಗಳು. ಪ್ಯಾರಾಸಿಟಮಾಲ್ ಈ ಗುಂಪಿಗೆ ಸೇರಿದ್ದಲ್ಲ.

ಇಲ್ಲಿ ಒಂದು ಕಡೆ ಜನ ಎಡವುತ್ತಾರೆ. ಪ್ಯಾರಾಸಿಟಮಾಲ್ ಜೊತೆಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್ ಸೇರಿಸಿ ಒಂದೇ ಮಾತ್ರೆ ಮಾಡಿ ಮಾರುತ್ತಾರೆ. ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿರುವ ಕಂಪನಿಯ ಹೆಸರು ನೋಡಿದರೆ ಒಳಗೆ ಏನಿದೆ ಎಂಬುದು ತಿಳಿಯುವುದಿಲ್ಲ. "ನಾನು ತಗೊಳ್ಳೋದು ಬರೀ ಜ್ವರದ ಮಾತ್ರೆ" ಎನ್ನುವವರ ಪಟ್ಟಿಯನ್ನು ತಿರುಗಿಸಿ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿದರೆ ಎಷ್ಟೋ ಸಲ ಅದರಲ್ಲಿ ಎರಡು ಔಷಧಿ ಇರುತ್ತದೆ. ಶೀತ, ಮೈಕೈ ನೋವಿಗೆಂದು ಮಾರುವ ಕೆಲವು ಮಾತ್ರೆಗಳಲ್ಲೂ ಐಬುಪ್ರೊಫೇನ್ ಇರುತ್ತದೆ.

ನೋವಿಗೆ ತೆಗೆದುಕೊಂಡ ಮಾತ್ರೆ ಕಿಡ್ನಿಯನ್ನು ಏಕೆ ಮುಟ್ಟುತ್ತದೆ?

ದೇಹದಲ್ಲಿ ಎಲ್ಲಿ ಪೆಟ್ಟಾದರೂ ಅಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟಿ ನೋವು, ಊತ ತರುತ್ತವೆ. ಅವು ಹುಟ್ಟದಂತೆ ತಡೆಯುವುದೇ ಈ ಮಾತ್ರೆಗಳ ಕೆಲಸ. ಆದರೆ ಇದೇ ರಾಸಾಯನಿಕಗಳಿಗೆ ಕಿಡ್ನಿಯಲ್ಲಿ ಒಂದು ಒಳ್ಳೆಯ ಕೆಲಸವೂ ಇದೆ.

ಕಿಡ್ನಿಯೊಳಗೆ ರಕ್ತ ಸೋಸುವ ಲಕ್ಷಾಂತರ ಸೂಕ್ಷ್ಮ ಗಂಟುಗಳಿವೆ. ಪ್ರತಿಯೊಂದಕ್ಕೂ ರಕ್ತ ತರುವ ನಾಳ ಒಂದು, ರಕ್ತ ಹೊರಗೆ ಒಯ್ಯುವ ನಾಳ ಇನ್ನೊಂದು. ಸೋಸುವ ಕೆಲಸ ನಡೆಯಬೇಕಾದರೆ ಈ ಎರಡರ ನಡುವೆ ಒಂದಿಷ್ಟು ಒತ್ತಡ ಉಳಿದಿರಬೇಕು. ಗಟ್ಟಿಮುಟ್ಟಾದ ಯುವಕನಲ್ಲಿ ಆ ಒತ್ತಡ ಸಲೀಸಾಗಿ ಉಳಿಯುತ್ತದೆ, ಪ್ರೊಸ್ಟಾಗ್ಲಾಂಡಿನ್‌ಗಳ ನೆರವು ಹೆಚ್ಚು ಬೇಕಾಗುವುದಿಲ್ಲ. ವಯಸ್ಸಾಗಿ ಕಿಡ್ನಿ ಸೊರಗಿದಾಗ, ಹೃದಯ ದುರ್ಬಲವಾದಾಗ, ವಾಂತಿ ಭೇದಿಯಿಂದ ದೇಹ ಒಣಗಿದಾಗ ಕಿಡ್ನಿಗೆ ಬರುವ ರಕ್ತ ಕಡಿಮೆಯಾಗುತ್ತದೆ. ಆಗ ಪ್ರೊಸ್ಟಾಗ್ಲಾಂಡಿನ್‌ಗಳು ರಕ್ತ ತರುವ ನಾಳವನ್ನು ಅಗಲವಾಗಿ ತೆರೆದು ಹಿಡಿದು ಕಿಡ್ನಿಯನ್ನು ಕಾಪಾಡುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಐಬುಪ್ರೊಫೇನ್ ನುಂಗಿದರೆ ಆ ಆಸರೆ ತಪ್ಪಿ ನಾಳ ಕಿರಿದಾಗುತ್ತದೆ. ಸೋಸುವುದು ಇಳಿಯುತ್ತದೆ.

25 ವಯಸ್ಸಿನ ಮೊಮ್ಮಗನಿಗೆ ಏನೂ ಮಾಡದ ಮಾತ್ರೆ 75ರ ಅಜ್ಜನನ್ನು ಆಸ್ಪತ್ರೆಗೆ ಸೇರಿಸಬಹುದು. ಮಾತ್ರೆಯೇನೋ ಅದೇ, ಆದರೆ ಅಜ್ಜನ ಕಿಡ್ನಿ ಆ ಆಸರೆಯ ಮೇಲೆಯೇ ನಿಂತಿರುತ್ತದೆ.

ಬಿಪಿ ಮಾತ್ರೆ ಇದರಲ್ಲಿ ಎಲ್ಲಿ ಬಂತು?

ಈ ಪುಟದ ಮುಖ್ಯ ವಿಷಯವೇ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಕ್ತ ಹೊರಗೆ ಒಯ್ಯುವ ನಾಳವನ್ನು ಬಿಗಿಹಿಡಿದು ಒಳಗಿನ ಒತ್ತಡ ಉಳಿಸುವ ಕೆಲಸ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನಿನದು. ರಾಮಿಪ್ರಿಲ್, ಎನಾಲಾಪ್ರಿಲ್, ಲಿಸಿನೊಪ್ರಿಲ್ ಮುಂತಾದವು ಈ ಹಾರ್ಮೋನ್ ಹುಟ್ಟದಂತೆ ಮಾಡುತ್ತವೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಓಲ್ಮೆಸಾರ್ಟನ್ ಮುಂತಾದವು ಅದು ಕೆಲಸ ಮಾಡದಂತೆ ತಡೆಯುತ್ತವೆ. ಎರಡರಿಂದಲೂ ಹೊರಹೋಗುವ ನಾಳ ಸಡಿಲವಾಗುತ್ತದೆ. ಮಾಮೂಲಿ ದಿನಗಳಲ್ಲಿ ಇದು ಒಳ್ಳೆಯದೇ. ಸೋಸುವ ಗಂಟುಗಳ ಮೇಲಿನ ಅತಿ ಒತ್ತಡ ಇಳಿದು, ವಿಶೇಷವಾಗಿ ಸಕ್ಕರೆ ಕಾಯಿಲೆಯವರಲ್ಲಿ, ಕಿಡ್ನಿ ಹೆಚ್ಚು ಕಾಲ ಬಾಳುತ್ತದೆ.

ಇದರ ಜೊತೆಗೆ ಹಲವರಿಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇರುತ್ತದೆ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್, ಫ್ಯೂರೋಸಮೈಡ್, ಟಾರ್ಸೆಮೈಡ್ ಈ ಬಗೆಯವು. ಇವು ದೇಹದ ಉಪ್ಪು ನೀರನ್ನು ಹೊರಹಾಕುವುದರಿಂದ ನಾಳಗಳಲ್ಲಿ ಹರಿಯುವ ರಕ್ತದ ಪ್ರಮಾಣ ತುಸು ಕಡಿಮೆಯಾಗುತ್ತದೆ.

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಮೂತ್ರದ ಮಾತ್ರೆಯಿಂದ ಕಿಡ್ನಿಗೆ ಬರುವ ರಕ್ತವೇ ಕಡಿಮೆ. ನೋವಿನ ಮಾತ್ರೆಯಿಂದ ಒಳಬರುವ ದಾರಿ ಕಿರಿದು. ಬಿಪಿ ಮಾತ್ರೆಯಿಂದ ಹೊರಹೋಗುವ ದಾರಿ ಸಡಿಲ. ಸೋಸಲು ಬೇಕಾದ ಒತ್ತಡ ಎಲ್ಲಿಂದ ಬರಬೇಕು? ಒಂದು ಆಸರೆ ತಪ್ಪಿದರೆ ಇನ್ನೊಂದರಿಂದ ಕಿಡ್ನಿ ಸುಧಾರಿಸಿಕೊಳ್ಳುತ್ತದೆ. ಮೂರೂ ತಪ್ಪಿದರೆ ಅದಕ್ಕೆ ದಾರಿಯಿಲ್ಲ.

ಬ್ರಿಟನ್ನಿನಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುವ ಸುಮಾರು 4.87 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಥ ಬಿಪಿ ಮಾತ್ರೆ ಮತ್ತು ಮೂತ್ರದ ಮಾತ್ರೆಯ ಜೊತೆ ನೋವಿನ ಮಾತ್ರೆಯೂ ಸೇರಿ ಮೂರೂ ಒಟ್ಟಾದವರಲ್ಲಿ, ಮೊದಲಿನ ಎರಡನ್ನಷ್ಟೇ ತೆಗೆದುಕೊಂಡವರಿಗಿಂತ, ಕಿಡ್ನಿಗೆ ದಿಢೀರ್ ಪೆಟ್ಟಾಗುವ ಪ್ರಮಾಣ ಶೇ. 31ರಷ್ಟು ಹೆಚ್ಚಿತ್ತು. ಮೊದಲ 30 ದಿನಗಳಲ್ಲಂತೂ ಶೇ. 82ರಷ್ಟು ಹೆಚ್ಚು. ಇದರಲ್ಲಿ ಗಮನಿಸಬೇಕಾದ್ದು ಆ 30 ದಿನ. "ವರ್ಷಗಟ್ಟಲೆ ತಗೊಂಡರೆ ಮಾತ್ರ ಕಿಡ್ನಿ ಹಾಳು" ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಈ ಬಗೆಯ ಪೆಟ್ಟು ಬೀಳುವುದು ಹೆಚ್ಚಾಗಿ ಶುರುವಿನ ವಾರಗಳಲ್ಲಿ.

ನಮ್ಮ ಮನೆಯವರ ಬಿಪಿ ಮಾತ್ರೆ ಈ ಗುಂಪಿನದೇ ಎಂದು ತಿಳಿಯುವುದು ಹೇಗೆ?

ಪಟ್ಟಿಯ ಮೇಲಿರುವ ಔಷಧಿಯ ಮೂಲ ಹೆಸರು ಓದಿ. "ಪ್ರಿಲ್" ಎಂದು ಕೊನೆಯಾದರೆ ಒಂದು ಬಗೆ, "ಸಾರ್ಟನ್" ಎಂದು ಕೊನೆಯಾದರೆ ಇನ್ನೊಂದು. ಎರಡಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಆಮೇಲೆ ಕಂಪನಿ ಹೆಸರಿನ ಬಾಲ ನೋಡಿ. ಅಲ್ಲಿ ಎಚ್, ಎಚ್‌ಸಿಟಿ ಅಥವಾ ಪ್ಲಸ್ ಎಂಬ ಗುರುತಿದ್ದರೆ ಸಾಮಾನ್ಯವಾಗಿ ಆ ಒಂದೇ ಮಾತ್ರೆಯಲ್ಲಿ ಮೂತ್ರದ ಔಷಧಿಯೂ ಸೇರಿರುತ್ತದೆ. ಅಂಥವರು "ನನಗೆ ಇರೋದು ಒಂದೇ ಬಿಪಿ ಮಾತ್ರೆ" ಎಂದು ಹೇಳುತ್ತಾರೆ. ಅದು ಸುಳ್ಳೇನಲ್ಲ, ಆದರೆ ಮೂರರಲ್ಲಿ ಎರಡು ಆಗಲೇ ಅವರ ಹೊಟ್ಟೆ ಸೇರಿರುತ್ತವೆ. ಮೂರನೆಯದನ್ನು ಸೇರಿಸಲು ಒಂದು ನೋವಿನ ಮಾತ್ರೆ ಸಾಕು.

ಅಮ್ಲೋಡಿಪಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಮೂರರ ಜಗಳವಿಲ್ಲ. ಆದರೆ ಅವರ ಕಿಡ್ನಿ ಮೊದಲೇ ಸೊರಗಿದ್ದರೆ ನೋವಿನ ಮಾತ್ರೆಯೊಂದೇ ತೊಂದರೆ ಕೊಡಬಲ್ಲದು.

ಇದು ನಿಜವಾಗಿ ಹೇಗೆ ನಡೆಯುತ್ತದೆ? ಒಂದು ಉದಾಹರಣೆ ಕೊಡಿ.

72 ವಯಸ್ಸಿನ ಒಬ್ಬ ಅಮ್ಮನನ್ನು ಕಲ್ಪಿಸಿಕೊಳ್ಳಿ. ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಮತ್ತು ಹೈಡ್ರೋಕ್ಲೋರೋಥಯಾಜೈಡ್ 12.5 ಮಿ.ಗ್ರಾಂ ಸೇರಿದ ಒಂದೇ ಮಾತ್ರೆ, ದಿನಾ ಬೆಳಿಗ್ಗೆ. ಬಿಪಿ ಹತೋಟಿಯಲ್ಲಿದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಆರು ತಿಂಗಳ ಹಿಂದೆ 1.1 ಇತ್ತು. ಆ ವರದಿಯನ್ನು ನೋಡಿದ ಯಾರಿಗೂ ಗಾಬರಿಯಾಗುವುದಿಲ್ಲ.

ಮಂಡಿ ಊದಿಕೊಂಡು ನಡೆಯಲಾಗದೆ ಐಬುಪ್ರೊಫೇನ್ 400 ಮಿ.ಗ್ರಾಂ ದಿನಕ್ಕೆ ಮೂರು ಸಲ ಶುರುಮಾಡುತ್ತಾರೆ. ಮೂರನೇ ದಿನಕ್ಕೆ ನೋವು ಚೆನ್ನಾಗಿ ಇಳಿಯುತ್ತದೆ. ಮಾತ್ರೆ ಒಗ್ಗಿದೆ ಎಂದು ಮುಂದುವರಿಸುತ್ತಾರೆ. ಒಂದು ವಾರದ ಹೊತ್ತಿಗೆ ಸಂಜೆಯಾದರೆ ಪಾದ ತುಸು ಊದುತ್ತದೆ, ಚಪ್ಪಲಿಯ ಪಟ್ಟಿಯ ಗುರುತು ಚರ್ಮದ ಮೇಲೆ ಉಳಿಯುತ್ತದೆ. ಮಂಡಿ ನೋವಿನ ಊತವೇ ಕೆಳಗಿಳಿದಿದೆ ಎಂದುಕೊಳ್ಳುತ್ತಾರೆ. ನಿಜವಾಗಿ ಆಗುತ್ತಿರುವುದು ಬೇರೆ: ಸೋಸುವ ಪ್ರಮಾಣ ಇಳಿದಿರುವುದರಿಂದ ಉಪ್ಪು ನೀರು ದೇಹದಲ್ಲೇ ನಿಲ್ಲುತ್ತಿದೆ.

ಒಂಬತ್ತನೇ ದಿನ ಭೇದಿ. ದಿನಕ್ಕೆ ಐದಾರು ಸಲ. ಊಟ ಸೇರುವುದಿಲ್ಲ, ನೀರು ಕುಡಿದದ್ದೂ ಕಡಿಮೆ. ಆದರೂ ಬಿಪಿ ಮಾತ್ರೆ ತಪ್ಪಿಸಬಾರದು ಎಂದು ಮಗಳು ಹೇಳಿದ್ದಾಳೆ, ಅದನ್ನು ನುಂಗುತ್ತಾರೆ. ಮೈಕೈ ನೋವಿಗೆ ಐಬುಪ್ರೊಫೇನ್ ಕೂಡ. ಹನ್ನೊಂದನೇ ದಿನಕ್ಕೆ ಭೇದಿ ನಿಂತರೂ ಸುಸ್ತು ಹೋಗುವುದಿಲ್ಲ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಬಿಟ್ಟರೆ ಮೂತ್ರವಿಲ್ಲ. ವಾಕರಿಕೆ ಇದೆ, ಮಾತು ತುಸು ತೊದಲುತ್ತದೆ, ಯಾವ ವಾರ ಎಂದು ಕೇಳಿದರೆ ತಡವರಿಸುತ್ತಾರೆ. ಮನೆಯವರು ವಯಸ್ಸಿನ ಮರೆವು ಅಂದುಕೊಳ್ಳುವುದು ಇಲ್ಲೇ.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.8, ಪೊಟ್ಯಾಷಿಯಂ 6.1 ಎಂದಿಟ್ಟುಕೊಳ್ಳಿ. ಕ್ರಿಯಾಟಿನಿನ್ ಎರಡೂವರೆ ಪಟ್ಟು ಏರಿದೆ. ಅದಕ್ಕಿಂತ ತುರ್ತಾದದ್ದು ಪೊಟ್ಯಾಷಿಯಂ, ಏಕೆಂದರೆ ಅದು ಇಷ್ಟು ಏರಿದರೆ ಹೃದಯದ ಬಡಿತ ಯಾವ ಕ್ಷಣದಲ್ಲಾದರೂ ತಾಳ ತಪ್ಪಬಹುದು. ಕೂಡಲೇ ಆಸ್ಪತ್ರೆಗೆ ಸೇರಿಸಿ, ಇಸಿಜಿ ತೆಗೆದು, ನೋವಿನ ಮಾತ್ರೆ ನಿಲ್ಲಿಸಿ, ಬಿಪಿ ಮಾತ್ರೆಯನ್ನು ಕೆಲವು ದಿನ ತಡೆಹಿಡಿದು, ರಕ್ತನಾಳದ ಮೂಲಕ ಲವಣ ದ್ರವ ಕೊಡುತ್ತಾರೆ. ಇಂಥ ಸಂದರ್ಭದಲ್ಲಿ ಕಿಡ್ನಿ ಹೆಚ್ಚಾಗಿ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳಲು ತೊಡಗುತ್ತದೆ. ಆದರೆ ಮೊದಲಿದ್ದ 1.1ಕ್ಕೇ ಮರಳುತ್ತದೆ ಎಂಬ ಭರವಸೆಯಿಲ್ಲ. ಮುಂಚೆಯೇ ಸೊರಗಿದ ಕಿಡ್ನಿ ಅರ್ಧ ದಾರಿಯಲ್ಲೇ ನಿಲ್ಲುವುದುಂಟು.

ಇಲ್ಲಿ ಯಾರೂ ಅತಿಯಾಗಿ ಮಾತ್ರೆ ನುಂಗಲಿಲ್ಲ. ದಿನಕ್ಕೆ 1200 ಮಿ.ಗ್ರಾಂ ಐಬುಪ್ರೊಫೇನ್ ಎಂದರೆ ಚೀಟಿಯಿಲ್ಲದೆ ಕೊಳ್ಳುವಾಗ ಪಟ್ಟಿಯ ಮೇಲೆ ಬರೆದಿರುವ ಮಿತಿಯೊಳಗೇ ಇದೆ.

ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ, ಇನ್ನೇಕೆ ಭಯ?

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಹಾಗಾಗಿ ಹುಟ್ಟುವ ಕ್ರಿಯಾಟಿನಿನ್ ಕೂಡ ಕಡಿಮೆ. ಕಿಡ್ನಿ ಅರ್ಧದಷ್ಟೇ ಕೆಲಸ ಮಾಡುತ್ತಿದ್ದರೂ ವರದಿಯಲ್ಲಿ ಅಂಕಿ ಸರಿಯಾಗಿಯೇ ಕಾಣಬಹುದು. ಅದಕ್ಕೇ ಇಜಿಎಫ್‌ಆರ್ ನೋಡಬೇಕು. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂದು ವಯಸ್ಸು, ಲಿಂಗ ಸೇರಿಸಿ ಲೆಕ್ಕಹಾಕಿದ ಅಂಕಿ ಅದು.

ಕ್ರಿಯಾಟಿನಿನ್ 1.2 ಎಂಬ ಒಂದೇ ಅಂಕಿಯನ್ನು ತೆಗೆದುಕೊಳ್ಳಿ. 2021ರ ಸೂತ್ರದ ಪ್ರಕಾರ 30 ವಯಸ್ಸಿನ ಗಂಡಸಿಗೆ ಇಜಿಎಫ್‌ಆರ್ ಸುಮಾರು 83 ಬರುತ್ತದೆ. 76 ವಯಸ್ಸಿನ ಹೆಂಗಸಿಗೆ ಅದೇ 1.2ಕ್ಕೆ ಸುಮಾರು 47. ಮೇಲಿನ ಉದಾಹರಣೆಯ ಅಮ್ಮನದು ಶುರುವಿನಲ್ಲೇ 53ರ ಆಸುಪಾಸು. ಮೂರು ತಿಂಗಳಿಗಿಂತ ಹೆಚ್ಚು ಕಾಲ 60ರ ಕೆಳಗಿದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ತೊಂದರೆ ಎನ್ನುತ್ತಾರೆ.

ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಐಜಿಒ 2012ರಲ್ಲಿ ಕೊಟ್ಟ ಸಲಹೆ ಹೀಗಿದೆ: ಇಜಿಎಫ್‌ಆರ್ 60ಕ್ಕಿಂತ ಕಡಿಮೆ ಇದ್ದರೆ ಈ ಗುಂಪಿನ ನೋವಿನ ಮಾತ್ರೆಗಳನ್ನು ಹೆಚ್ಚು ದಿನ ತೆಗೆದುಕೊಳ್ಳಬಾರದು, 30ಕ್ಕಿಂತ ಕಡಿಮೆ ಇದ್ದರೆ ತೆಗೆದುಕೊಳ್ಳಲೇಬಾರದು. ಹೀಗಾಗಿ ಮನೆಯ ಹಿರಿಯರ ಕೊನೆಯ ಇಜಿಎಫ್‌ಆರ್ ಎಷ್ಟು ಎಂಬುದು ಮನೆಯವರಿಗೆ ಬಾಯಿಪಾಠ ಇರಬೇಕು ಎಂದು ನನ್ನ ಅಭಿಪ್ರಾಯ. ವರದಿಯಲ್ಲಿ ಅದು ಅಚ್ಚಾಗಿಲ್ಲದಿದ್ದರೆ ವೈದ್ಯರನ್ನು ಕೇಳಿ, ಲೆಕ್ಕಹಾಕಲು ಒಂದು ನಿಮಿಷವೂ ಬೇಡ.

ನೋವಿನ ಮಾತ್ರೆಯಿಂದ ಬಿಪಿಯೂ ಏರುತ್ತದೆಯೇ?

ಏರುತ್ತದೆ. ದೇಹದಲ್ಲಿ ಉಪ್ಪು ನೀರು ನಿಲ್ಲುವುದರಿಂದಲೂ ರಕ್ತನಾಳಗಳು ಬಿಗಿಯಾಗುವುದರಿಂದಲೂ ಸರಾಸರಿ 5 ಅಂಕಿಯಷ್ಟು ಏರಬಹುದು. ಕೆಲವರಲ್ಲಿ ಏನೂ ಆಗುವುದಿಲ್ಲ, ಕೆಲವರಲ್ಲಿ ಇದಕ್ಕಿಂತ ಬಹಳ ಹೆಚ್ಚು ಏರುತ್ತದೆ. ಪ್ರಿಲ್, ಸಾರ್ಟನ್ ಮತ್ತು ಮೂತ್ರದ ಮಾತ್ರೆಗಳ ಪರಿಣಾಮವನ್ನು ನೋವಿನ ಮಾತ್ರೆ ಎಳೆದು ಕೆಳಗಿಳಿಸುತ್ತದೆ. ಅಮ್ಲೋಡಿಪಿನ್‌ನಂಥವುಗಳ ಮೇಲೆ ಅದರ ಪ್ರಭಾವ ಕಡಿಮೆ.

ಇದರಿಂದ ಹುಟ್ಟುವ ಎಡವಟ್ಟು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಟೆಲ್ಮಿಸಾರ್ಟನ್ ಒಂದರಲ್ಲೇ ಬಿಪಿ ಹತೋಟಿಯಲ್ಲಿದ್ದ ಒಬ್ಬರು ಬೆನ್ನು ನೋವಿಗೆಂದು ಮಾತ್ರೆ ಶುರುಮಾಡುತ್ತಾರೆ. ಎರಡು ವಾರದ ಮೇಲೆ ತಪಾಸಣೆಗೆ ಹೋದರೆ ಬಿಪಿ 158/90. ಬೆನ್ನು ನೋವಿನ ಮಾತ್ರೆಯ ಸುದ್ದಿ ಅಲ್ಲಿ ಬರುವುದೇ ಇಲ್ಲ, ಏಕೆಂದರೆ ವೈದ್ಯರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ಬಿಪಿ ಏರಿದೆ ಎಂದು ಮೂತ್ರದ ಔಷಧಿ ಸೇರಿಸುತ್ತಾರೆ. ಹೀಗೆ ಮೂರೂ ಒಂದೇ ದೇಹದಲ್ಲಿ ಸೇರಿಹೋಗುತ್ತವೆ, ಅದೂ ವೈದ್ಯರ ಚೀಟಿಯಿಂದಲೇ. ಬಿಪಿ ಕಾರಣವಿಲ್ಲದೆ ಏರಿದಾಗ ಮಾತ್ರೆ ಬದಲಿಸುವ ಮುಂಚೆ "ನೋವಿಗೆ ಏನಾದರೂ ತಗೊಂಡಿದ್ದೀರಾ?" ಎಂಬ ಪ್ರಶ್ನೆ ಬರಬೇಕು. ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ಕಿಡ್ನಿಗೆ ತೊಂದರೆಯಾದರೆ ಬೆನ್ನಲ್ಲಿ ನೋವು ಬರುವುದಿಲ್ಲವೇ?

ಬರುವುದಿಲ್ಲ. ಈ ಬಗೆಯ ಪೆಟ್ಟಿನಲ್ಲಿ ನೋವಾಗಲಿ ಉರಿಮೂತ್ರವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಮೂತ್ರ ಪರೀಕ್ಷೆಯೂ ಬಹಳ ಸಲ ಸರಿಯಾಗಿಯೇ ಇರುತ್ತದೆ. ಶುರುವಿನಲ್ಲಿ ಗುಟ್ಟು ಬಿಟ್ಟುಕೊಡುವುದು ರಕ್ತ ಪರೀಕ್ಷೆ ಮಾತ್ರ.

ಆಮೇಲೆ ಕಾಣುವ ಗುರುತುಗಳು: ಮೂತ್ರ ಕಡಿಮೆಯಾಗುವುದು, ಪಾದದಲ್ಲಿ ಬಾವು, ಮೂರ್ನಾಲ್ಕು ದಿನಗಳಲ್ಲಿ ತೂಕ ಎರಡು ಕಿಲೋದಷ್ಟು ಏರುವುದು, ಮಲಗಿದರೆ ಉಸಿರು ಕಟ್ಟಿದಂತಾಗುವುದು, ಊಟ ಸೇರದಿರುವುದು, ಹೊಸದಾಗಿ ಮಂಕು ಕವಿದಂತಿರುವುದು. ಹೃದಯ ದುರ್ಬಲವಾಗಿರುವವರಲ್ಲಿ ಬಾವು ಮತ್ತು ಉಬ್ಬಸವೇ ಮೊದಲು ಬರಬಹುದು. ಅವರಿಗೆ ಕಿಡ್ನಿ ಸರಿಯಿದ್ದರೂ ಈ ಮಾತ್ರೆಗಳು ಬೇಡ. ಎದೆಬಡಿತ ಏರುಪೇರಾದರೆ, ಕಾಲಿನಲ್ಲಿ ಶಕ್ತಿ ಇಲ್ಲದಂತಾದರೆ, ಅರ್ಧ ದಿನ ಮೂತ್ರವೇ ಆಗದಿದ್ದರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಅಪರೂಪಕ್ಕೆ ಒಂದೇ ಒಂದು ಮಾತ್ರೆ ನುಂಗಿದರೂ ಅಪಾಯವೇ?

ಇಜಿಎಫ್‌ಆರ್ 60ರ ಮೇಲಿದ್ದು, ವಾಂತಿ ಭೇದಿ ಜ್ವರ ಯಾವುದೂ ಇಲ್ಲದೆ ಊಟ ನೀರು ಸರಿಯಾಗಿ ನಡೆಯುತ್ತಿದ್ದರೆ ಒಂದು 200 ಅಥವಾ 400 ಮಿ.ಗ್ರಾಂ ಐಬುಪ್ರೊಫೇನ್‌ನಿಂದ ಕಿಡ್ನಿ ಕೆಡುವ ಸಂಭವ ಬಹಳ ಕಡಿಮೆ. ಗೊತ್ತಿಲ್ಲದೆ ಒಂದು ನುಂಗಿದ್ದಕ್ಕೆ ರಾತ್ರಿಯೆಲ್ಲ ಭಯಪಡಬೇಕಿಲ್ಲ. ಐಬುಪ್ರೊಫೇನ್‌ನ ಅರ್ಧ ಭಾಗ ಎರಡು ಗಂಟೆಯಲ್ಲಿ ರಕ್ತದಿಂದ ಹೋಗುತ್ತದೆ, ಒಂದು ದಿನದಲ್ಲಿ ಪೂರ್ತಿ ಹೋದಂತೆಯೇ.

ಎಲ್ಲ ಮಾತ್ರೆಗಳೂ ಹಾಗಲ್ಲ. ಪೈರಾಕ್ಸಿಕ್ಯಾಮ್‌ನ ಅರ್ಧ ಭಾಗ ಹೋಗಲು ಸುಮಾರು ಎರಡು ದಿನ ಬೇಕು, ನಿಲ್ಲಿಸಿದ ಮೇಲೂ ವಾರಕ್ಕೂ ಹೆಚ್ಚು ಕಾಲ ದೇಹದಲ್ಲಿರುತ್ತದೆ. ಹಿರಿಯರಿಗೆ ಅದನ್ನು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಇಂಜೆಕ್ಷನ್ ಹಾಕಿಸಿದರೆ, ಅಥವಾ ಗ್ಯಾಸ್ ಮಾತ್ರೆ ಜೊತೆಗೆ ತೆಗೆದುಕೊಂಡರೆ?

ಡೈಕ್ಲೋಫೆನಾಕ್ ಇಂಜೆಕ್ಷನ್ ಕೂಡ ರಕ್ತದ ಮೂಲಕವೇ ಕಿಡ್ನಿಗೆ ಹೋಗುತ್ತದೆ, ವ್ಯತ್ಯಾಸವಿಲ್ಲ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆಗಳು ಹೊಟ್ಟೆಯ ಹುಣ್ಣನ್ನು ತಡೆಯುತ್ತವೆ, ಕಿಡ್ನಿಗೆ ರಕ್ಷಣೆ ಕೊಡುವುದಿಲ್ಲ. ಎಟೋರಿಕಾಕ್ಸಿಬ್, ಸೆಲೆಕಾಕ್ಸಿಬ್ ಹೊಟ್ಟೆಗೆ ಹಗುರ ಎಂಬುದು ನಿಜ. ಕಿಡ್ನಿಯ ಮಟ್ಟಿಗೆ ಅವೂ ಐಬುಪ್ರೊಫೇನ್‌ನಷ್ಟೇ ಅಪಾಯಕಾರಿ, ಎಟೋರಿಕಾಕ್ಸಿಬ್ ಬಿಪಿಯನ್ನು ಎದ್ದು ಕಾಣುವಷ್ಟು ಏರಿಸಬಲ್ಲದು.

ನೀರು ಜಾಸ್ತಿ ಕುಡಿದರೆ ಸರಿಹೋಗುತ್ತದೆಯೇ?

ದೇಹ ಒಣಗದಂತೆ ನೋಡಿಕೊಂಡರೆ ಒಂದು ಪೆಟ್ಟು ತಪ್ಪುತ್ತದೆ. ಆದರೆ ಕಿರಿದಾದ ನಾಳ ನೀರು ಕುಡಿದದ್ದರಿಂದ ತೆರೆದುಕೊಳ್ಳುವುದಿಲ್ಲ. ಹೃದಯ ದುರ್ಬಲವಾದವರು, ಕಿಡ್ನಿ ಬಹಳ ಸೊರಗಿದವರು ಹೆಚ್ಚು ನೀರು ಕುಡಿದರೆ ಅದು ಶ್ವಾಸಕೋಶದಲ್ಲಿ ತುಂಬಿಕೊಳ್ಳುವ ಭಯ ಬೇರೆ.

ವಾಂತಿ, ಭೇದಿ, ಊಟ ಬಿಟ್ಟ ಜ್ವರ ಬಂದ ದಿನ ನೋವಿನ ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಇದಕ್ಕೆ ಯಾರ ಅನುಮತಿಯೂ ಬೇಡ. ಅಂಥ ದಿನಗಳಲ್ಲಿ ಸಾರ್ಟನ್, ಪ್ರಿಲ್, ಮೂತ್ರದ ಮಾತ್ರೆಗಳನ್ನು ಒಂದೆರಡು ದಿನ ತಡೆಹಿಡಿಯಬೇಕೇ ಎಂಬುದನ್ನು ಮಾತ್ರ ಆರೋಗ್ಯವಾಗಿರುವಾಗಲೇ ವೈದ್ಯರ ಹತ್ತಿರ ಕೇಳಿ ಬರೆಸಿಟ್ಟುಕೊಳ್ಳಿ, ಮತ್ತೆ ಯಾವಾಗ ಶುರುಮಾಡಬೇಕು ಎಂಬುದನ್ನೂ ಸೇರಿಸಿ.

ಹಾಗಾದರೆ ನೋವನ್ನು ಸಹಿಸಿಕೊಂಡೇ ಇರಬೇಕೇ?

ಖಂಡಿತ ಇಲ್ಲ. ನೋವಿನಿಂದ ನಡೆಯಲಾಗದೆ ಕೂತುಬಿಟ್ಟರೆ ಅದರಿಂದಲೂ ಹಿರಿಯರ ದೇಹ ಬೇಗ ಕುಗ್ಗುತ್ತದೆ.

ಮಂಡಿ, ಕೈಬೆರಳ ಗಂಟುಗಳ ನೋವಿಗೆ ನಾನು ಮೊದಲು ಹೇಳುವುದು ಡೈಕ್ಲೋಫೆನಾಕ್ ಜೆಲ್. ಹೆಸರು ಅದೇ ಆದರೂ ಚರ್ಮದ ಮೇಲೆ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ನೂರರಲ್ಲಿ ಆರು ಭಾಗದಷ್ಟೇ. ಒಂದು ಮಂಡಿಗೆ 4 ಗ್ರಾಂ, ದಿನಕ್ಕೆ ನಾಲ್ಕು ಸಲದವರೆಗೆ. ಒಂದು ಸಲ ಹಚ್ಚಿ ಬಿಡುವವರು "ಏನೂ ಪ್ರಯೋಜನವಿಲ್ಲ" ಎನ್ನುತ್ತಾರೆ. ಒಂದೆರಡು ವಾರ ಬಿಡದೆ ಹಚ್ಚಬೇಕು. ಮೈತುಂಬ ಹಚ್ಚಿಕೊಂಡರೆ ಈ ಲೆಕ್ಕ ನಿಲ್ಲುವುದಿಲ್ಲ. ಆಳದಲ್ಲಿರುವ ಸೊಂಟದ ಕೀಲಿಗೆ ಅದು ತಲುಪುವುದೂ ಇಲ್ಲ. ಇಜಿಎಫ್‌ಆರ್ 30ರ ಕೆಳಗಿರುವವರು ಜೆಲ್‌ಗೂ ವೈದ್ಯರನ್ನು ಕೇಳಬೇಕು.

ನುಂಗುವ ಮಾತ್ರೆಯೇ ಬೇಕೆಂದರೆ ಪ್ಯಾರಾಸಿಟಮಾಲ್. ಊತ ಇಳಿಸುವುದರಲ್ಲಿ ಅದು ಐಬುಪ್ರೊಫೇನ್‌ಗೆ ಸಮನಲ್ಲ, ಆದರೆ ಕಿಡ್ನಿಯ ನಾಳಗಳನ್ನು ಕಿರಿದು ಮಾಡುವುದಿಲ್ಲ. 500 ಮಿ.ಗ್ರಾಂನಿಂದ ಶುರುಮಾಡಿ, ಎರಡು ಸಲದ ನಡುವೆ ಕನಿಷ್ಠ ಆರು ಗಂಟೆ ಬಿಡಿ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಎನ್ನುತ್ತಾರಾದರೂ ತೆಳ್ಳಗಿನ ಹಿರಿಯರಿಗೆ, 50 ಕಿಲೋಗಿಂತ ಕಡಿಮೆ ತೂಕವಿರುವವರಿಗೆ, ಲಿವರ್ ತೊಂದರೆಯವರಿಗೆ ಅಷ್ಟು ಬೇಡ. 2 ಗ್ರಾಂ ಒಳಗೇ ಇದ್ದು, ಹೆಚ್ಚು ಬೇಕಾದರೆ ವೈದ್ಯರನ್ನು ಕೇಳುವುದು ಲೇಸು. ದಿನಕ್ಕೆ 4 ಗ್ರಾಂ ಎರಡು ವಾರ ತೆಗೆದುಕೊಂಡ ಬಿಪಿ ರೋಗಿಗಳಲ್ಲಿ ಮೇಲಿನ ಬಿಪಿ ಸುಮಾರು 5 ಅಂಕಿ ಏರಿದ್ದು 2022ರಲ್ಲಿ ಪ್ರಕಟವಾದ ಎಡಿನ್‌ಬರೋದ ಪ್ರಯೋಗದಲ್ಲಿ ಕಂಡುಬಂತು. ಹಾಗಾಗಿ ಇದನ್ನೂ ತಿಂಗಳುಗಟ್ಟಲೆ ಪೂರ್ತಿ ಪ್ರಮಾಣದಲ್ಲಿ ನುಂಗುವುದು ಬೇಡ. ನೀರಿಗೆ ಹಾಕಿದರೆ ನೊರೆಯುಕ್ಕಿ ಕರಗುವ ಬಗೆಯಲ್ಲಿ ಸೋಡಿಯಂ ಬಹಳ ಇರುತ್ತದೆ, ಬಿಪಿ ಇರುವವರಿಗೆ ಅದು ಒಳ್ಳೆಯದಲ್ಲ.

ಮಂಡಿಯ ಸವೆತಕ್ಕೆ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ ನೋವನ್ನು ನಿಜವಾಗಿಯೂ ಇಳಿಸುತ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರಕ್ಕೆ ಚಾಚಿ, ಐದೆಣಿಕೆ ಹಿಡಿದು, ನಿಧಾನಕ್ಕೆ ಇಳಿಸುವುದರಿಂದ ಶುರುಮಾಡಬಹುದು. ಒಂದೇ ಮಂಡಿ ಬಹಳ ಊದಿದ್ದರೆ ಆ ಕೀಲಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ದಾರಿಯೂ ಇದೆ. ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ ಎಂಬುದು ನೆನಪಿರಲಿ.

ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಕೂಡ ಇದೇ ಗುಂಪಲ್ಲವೇ? ನಿಲ್ಲಿಸಬೇಕೇ?

ನಿಲ್ಲಿಸಬೇಡಿ. 75 ಅಥವಾ 100 ಮಿ.ಗ್ರಾಂನಷ್ಟು ಸಣ್ಣ ಪ್ರಮಾಣದ ಆಸ್ಪಿರಿನ್ ಕಿಡ್ನಿಯ ರಕ್ತ ಸಂಚಾರವನ್ನು ಈ ರೀತಿ ಕೆಡಿಸುವುದು ಅಪರೂಪ. ಐಬುಪ್ರೊಫೇನ್ ನುಂಗಿದರೆ ಮಾತ್ರ ಅದು ಆಸ್ಪಿರಿನ್‌ನ ದಾರಿಗೆ ಅಡ್ಡಬಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅದರ ಕೆಲಸವನ್ನು ಕೆಡಿಸಬಹುದು. ಹೃದಯದ ತೊಂದರೆ ಇರುವವರು ಐಬುಪ್ರೊಫೇನ್‌ನಿಂದ ದೂರವಿರಲು ಇದೂ ಒಂದು ಕಾರಣ.

ವೈದ್ಯರೇ ನೋಡಿ ಬರೆದುಕೊಟ್ಟರೆ ತೆಗೆದುಕೊಳ್ಳಬಹುದೇ?

ಬೇರೆ ದಾರಿಯಿಲ್ಲದೆ ಕೆಲವೇ ದಿನಗಳಿಗೆ ಬರೆದುಕೊಡುವುದುಂಟು. ಆಗ ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಎಷ್ಟು ದಿನ? ಶುರುಮಾಡುವ ಮುಂಚಿನ ಕ್ರಿಯಾಟಿನಿನ್, ಪೊಟ್ಯಾಷಿಯಂ ಗೊತ್ತಿದೆಯೇ? ಮತ್ತೆ ಯಾವತ್ತು ಪರೀಕ್ಷೆ? ಅಪಾಯ ಮೊದಲ ವಾರಗಳಲ್ಲೇ ಇರುವುದರಿಂದ ಒಂದು ವಾರದ ಆಸುಪಾಸಿನಲ್ಲಿ ರಕ್ತ ಪರೀಕ್ಷೆ ಆಗಬೇಕು, ಮೂರು ತಿಂಗಳ ಮೇಲೆ ಮಾಡಿಸಿದರೆ ತಡವಾಗುತ್ತದೆ. ಮೂಳೆ ವೈದ್ಯರ ಹತ್ತಿರ ಹೋಗುವಾಗ ಬಿಪಿ ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಅಪ್ಪ ಬಿಪಿ ಮಾತ್ರೆ ಜೊತೆಗೆ ಎರಡು ವಾರದಿಂದ ಡೈಕ್ಲೋಫೆನಾಕ್ ತೆಗೆದುಕೊಳ್ಳುತ್ತಿದ್ದಾರೆ. ಈಗ ಏನು ಮಾಡಲಿ?

ಇವತ್ತಿನಿಂದ ಡೈಕ್ಲೋಫೆನಾಕ್ ನಿಲ್ಲಿಸಿ. ಅದನ್ನು ಹಂತಹಂತವಾಗಿ ಇಳಿಸಬೇಕಾಗಿಲ್ಲ. ಬಿಪಿ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ತೂಕ ಮತ್ತು ಬಿಪಿ ನೋಡಿ ಬರೆದಿಡಿ, ಪಾದದ ಮೇಲೆ ಬೆರಳಿಂದ ಒತ್ತಿ ಗುಳಿ ಉಳಿಯುತ್ತದೆಯೇ ನೋಡಿ. ಆರಾಮಾಗಿದ್ದರೂ ಒಂದೆರಡು ದಿನಗಳಲ್ಲಿ ಕ್ರಿಯಾಟಿನಿನ್, ಇಜಿಎಫ್‌ಆರ್, ಪೊಟ್ಯಾಷಿಯಂ, ಸೋಡಿಯಂ ಪರೀಕ್ಷೆ ಮಾಡಿಸಿ. ಹಳೆಯ ವರದಿಯನ್ನೂ ಹುಡುಕಿ ತೆಗೆಯಿರಿ, ಹೋಲಿಸಿ ನೋಡದಿದ್ದರೆ ಹೊಸ ಅಂಕಿ ಏನನ್ನೂ ಹೇಳುವುದಿಲ್ಲ. ಕ್ರಿಯಾಟಿನಿನ್ 0.3ರಷ್ಟು ಏರಿದ್ದರೂ ಅದು ಲೆಕ್ಕಕ್ಕೆ ಬರುವ ಏರಿಕೆ, ಅದೇ ದಿನ ವೈದ್ಯರಿಗೆ ತಿಳಿಸಿ. ಪೊಟ್ಯಾಷಿಯಂ 6 ಅಥವಾ ಹೆಚ್ಚು ಇದ್ದರೆ ನೇರವಾಗಿ ಆಸ್ಪತ್ರೆಗೆ.

ಅಂಕಿಗಳು ಹಿಂದಿನಂತೆಯೇ ಇದ್ದರೆ ಅಪ್ಪನಿಗೆ ಈ ಸಲ ಏನೂ ಆಗಿಲ್ಲ ಎಂದರ್ಥ. ಆಗ ಬಿಪಿಯನ್ನು ವಾರದ ಮೇಲೆ ಮತ್ತೊಮ್ಮೆ ನೋಡಿ. ನೋವಿನ ಮಾತ್ರೆ ನಿಂತ ಮೇಲೆ ಅದು ಇಳಿಯುವುದುಂಟು, ಇತ್ತೀಚೆಗೆ ಬಿಪಿ ಮಾತ್ರೆ ಹೆಚ್ಚಿಸಿದ್ದರೆ ತೀರಾ ಇಳಿದು ಎದ್ದು ನಿಂತಾಗ ತಲೆಸುತ್ತಬಹುದು. ಹಾಗಾದರೆ ವೈದ್ಯರಿಗೆ ಹೇಳಿ ಮಾತ್ರೆಯ ಪ್ರಮಾಣವನ್ನು ಮತ್ತೆ ಹೊಂದಿಸಿಕೊಳ್ಳಿ.